ಪದಚರ್ಚೆ: ಶಿಕ್ಷೆಯ ನಾಲ್ಕು ಕಾರಣಗಳು, ‘ಅಸಮರ್ಥೀಕರಣ’ಕ್ಕೆ ಬೇರೆ ಪದ ಇದೆಯಾ?

ದಾವಣಗೆರೆಯಿಂದ, ಕೇಳುತ್ತಿರುವವಳು

ಎಲ್ಲರಿಗೂ ನಮಸ್ಕಾರ. ಕಾನೂನು ಓದುವ ಮಕ್ಕಳ ಕನ್ನಡ ನೋಟ್ಸ್ ಒಂದು ತಿದ್ದುವುದಕ್ಕೆ ನನ್ನ ಕೈಗೆ ಬಂದಿದೆ. ಕೋರ್ಟು ಶಿಕ್ಷೆ ಯಾಕೆ ಕೊಡುತ್ತದೆ ಅನ್ನುವುದಕ್ಕೆ ಅದರಲ್ಲಿ ನಾಲ್ಕು ಉತ್ತರ ಇವೆ: ಪ್ರತೀಕಾರ, ನಿರೋಧ, ಅಸಮರ್ಥೀಕರಣ, ಪುನರ್ವಸತಿ. ನಾಲ್ಕೂ ನನಗೆ ಹಿಡಿಸುತ್ತಿಲ್ಲ. ‘ಪ್ರತೀಕಾರ’ ಅಂದರೆ ಸೇಡು ಅಂತಲೇ ಕಿವಿಗೆ ಬೀಳುತ್ತದೆ. ‘ನಿರೋಧ’ ಅಂದ ತಕ್ಷಣ ಗೋಡೆ ಮೇಲಿನ ಹಳೇ ಜಾಹೀರಾತು ನೆನಪಾಗಿ ಹಿಂದಿನ ಬೆಂಚು ನಗುತ್ತದೆ. ‘ಅಸಮರ್ಥೀಕರಣ’ ಓದಿದರೆ ಕೈಕಾಲು ಮುರಿದರು ಅನ್ನಿಸುತ್ತದೆ.

ಬರಿ ಪದ ಇಟ್ಟುಕೊಂಡು ವಾದ ಮಾಡುವುದು ಬೇಡ ಅಂತ ನೋಟ್ಸಿನಲ್ಲಿರುವ ಕಟ್ಟುಕಥೆಯನ್ನೂ ಹಾಕುತ್ತಿದ್ದೇನೆ. ಜಗಳೂರು ಕಡೆಯ ಹಳ್ಳಿ. ಮೋಟರ್ ರಿಪೇರಿ ಮೇಸ್ತ್ರಿ ಹತ್ತಿರ ಕೆಲಸಕ್ಕಿದ್ದ 20 ವರ್ಷದ ಹುಡುಗ ರಾತ್ರಿ ಒಬ್ಬರ ಹೊಲಕ್ಕೆ ಹೋಗಿ, ಬೋರಿನಿಂದ ಸ್ಟಾರ್ಟರ್ ಪೆಟ್ಟಿಗೆವರೆಗಿನ ಕೇಬಲ್ ಕತ್ತರಿಸಿಕೊಂಡು ಹೋಗುತ್ತಾನೆ. ಹಳ್ಳದ ದಂಡೆಯಲ್ಲಿ ಸುಟ್ಟು, ತಾಮ್ರ ತೆಗೆದು, ಗುಜರಿಗೆ 3,000 ರೂಪಾಯಿಗೆ ಮಾರುತ್ತಾನೆ. ಹೊಸ ಕೇಬಲ್‌ಗೆ ರೈತನಿಗೆ ಬಿದ್ದದ್ದು 9,500. ಅದು ಬರುವಷ್ಟರಲ್ಲಿ ಆರು ದಿನ ನೀರಿಲ್ಲದೆ ಈರುಳ್ಳಿ ಬಾಡಿತು. ಆ ಬೇಸಿಗೆಯಲ್ಲಿ ಊರಿನಲ್ಲಿ ನಾಲ್ಕು ಕಡೆ ಕೇಬಲ್ ಹೋಗಿದ್ದವು. ಸಿಕ್ಕಿಬಿದ್ದವನು ಇವನೊಬ್ಬನೇ. ಹಿಂದೆ ಕೇಸಿಲ್ಲ. 40 ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ತಪ್ಪು ಸಾಬೀತಾದಾಗ ಅವನಿಗೆ 22. ಈಗ ಈ ನಾಲ್ಕು ಪದ ಹಿಡಿದು ಅವನಿಗೆ ಏನು ಮಾಡಬೇಕು?

ಹರಿಹರದಿಂದ, ನಿವೃತ್ತ ಕನ್ನಡ ಮೇಷ್ಟ್ರು

ಮೊದಲು ‘ಶಿಕ್ಷೆ’ ಅನ್ನುವ ಪದವನ್ನೇ ನೋಡಿ ತಾಯಿ. ಶಿಕ್ಷಣ, ಶಿಕ್ಷಕ, ಶಿಕ್ಷೆ ಎಲ್ಲಾ ಒಂದೇ ಬೇರು. ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ. ಅಂದರೆ ತಿದ್ದುವ ಉದ್ದೇಶ ಆ ಪದದ ಹೊಟ್ಟೆಯಲ್ಲೇ ಇದೆ. ತೀರ್ಪಿನಲ್ಲಿ ‘ಕಠಿಣ ಸಜೆ, ಸಾದಾ ಸಜೆ’ ಅಂತ ಬರೆಯುತ್ತಾರಲ್ಲ, ಆ ಸಜೆ ಪಾರಸಿಯಿಂದ ಬಂದದ್ದು. ಅಲ್ಲಿ ಅದಕ್ಕೆ ‘ಅರ್ಹವಾದದ್ದು, ತಕ್ಕದ್ದು’ ಅನ್ನುವ ಅರ್ಥ. ಒಂದೇ ಕೆಲಸಕ್ಕೆ ನಾವು ಬಳಸುವ ಎರಡು ಪದಗಳಲ್ಲಿ ಒಂದು ಕಲಿಸುತ್ತದೆ, ಒಂದು ಲೆಕ್ಕ ತೀರಿಸುತ್ತದೆ. ನನಗಂತೂ ಇದು ಬಹಳ ಖುಷಿ ಕೊಟ್ಟ ವಿಷಯ.

ಮೊದಲನೆಯದಕ್ಕೆ ‘ಮುಯ್ಯಿ’ ಅನ್ನಬಹುದಾ ಅಂತ ಒಂದು ಆಸೆ. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವೆ. ಅವರು 500 ಹಾಕಿದ್ದರೆ ನಾವು ಅಷ್ಟನ್ನು ತಿರುಗಿ ಹಾಕುತ್ತೇವೆ. ಕೊಟ್ಟಷ್ಟಕ್ಕೆ ವಾಪಸ್. ‘ಮುಯ್ಯಿಗೆ ಮುಯ್ಯಿ’ ಅನ್ನುವಾಗ ಸೇಡಿನ ಅರ್ಥವೂ ಬರುತ್ತದೆ, ಗೊತ್ತು.

ಚನ್ನಗಿರಿಯಿಂದ, ಅಡಿಕೆ ತೋಟದವರು

ನಮ್ಮ ತೋಟದಲ್ಲಿ ಕೇಬಲ್ ಎರಡು ಸಲ ಹೋಗಿದೆ. ಯಾರೂ ಸಿಕ್ಕಿಲ್ಲ. ಎರಡನೇ ಸಲ ಕೇಬಲ್ ಜೊತೆ ಸ್ಟಾರ್ಟರ್ರೂ ಹೋಯಿತು. ನೀವೆಲ್ಲ ಆ ಹುಡುಗನಿಗೆ ಏನು ಪದ ಅಂತ ಹುಡುಕುತ್ತಿದ್ದೀರಿ. ರೈತನ 9,500 ಯಾವ ಪದದಲ್ಲಿ ಬರುತ್ತೆ? ನಾಲ್ಕರಲ್ಲೂ ನನಗೆ ಕಾಣಲಿಲ್ಲ.

ದಾವಣಗೆರೆಯಿಂದ, ಕಾನೂನು ವಿದ್ಯಾರ್ಥಿ

ಮೇಡಂ, ಈ ಕೇಸಿನಲ್ಲಿ ಅಷ್ಟೊಂದು ಚರ್ಚೆಯೇ ಬೇಕಿಲ್ಲ. ಅಪರಾಧ ಮಾಡಿದಾಗ ಅವನಿಗೆ 21 ತುಂಬಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ ಪ್ರಕಾರ ಅವನನ್ನು ಜೈಲಿಗೆ ಹಾಕುವಂತೆಯೇ ಇಲ್ಲ. ಅದೂ ಅಲ್ಲದೆ ಹೊಸ ಕಾನೂನಿನಲ್ಲಿ ಸಣ್ಣ ಕಳ್ಳತನಕ್ಕೆ ಸಮುದಾಯ ಸೇವೆ ಇದೆ. ಶಾಲೆ ಕಸ ಗುಡಿಸಿ ಮನೆಗೆ ಹೋಗಲಿ.

ಹಿರಿಯೂರಿನಿಂದ, ಕಂದಾಯ ಇಲಾಖೆಯಲ್ಲಿದ್ದವರು

‘ಪುನರ್ವಸತಿ’ ಸರಿಯಾದ ಪದವೇ. ನಾನು ಸರ್ವೀಸಿನಲ್ಲಿದ್ದಾಗ ದಿನಾ ಬಳಸಿದ್ದೇನೆ. ಆದರೆ ಅದು ಜಮೀನು ಮುಳುಗಡೆ ಆದವರಿಗೆ. ಈ ಹುಡುಗನಿಗೆ ಸೈಟು ಯಾಕೆ ಕೊಡಬೇಕು ಅಂತ ಅರ್ಥ ಆಗಲಿಲ್ಲ.

ಚಿತ್ರದುರ್ಗದಿಂದ, ಕ್ರಿಮಿನಲ್ ಕೇಸು ನಡೆಸುವ ವಕೀಲರು

ಯಜಮಾನರೇ, ಸೈಟು ಯಾರೂ ಕೊಡುತ್ತಿಲ್ಲ! ಆದರೆ ನೀವು ಹಾಗೆ ಓದಿದ್ದೇ ಆ ಪದ ಇಲ್ಲಿಗೆ ಹೊಂದುವುದಿಲ್ಲ ಅನ್ನುವುದಕ್ಕೆ ಸಾಕ್ಷಿ.

ಕಾನೂನು ವಿದ್ಯಾರ್ಥಿ ಹೇಳಿದ್ದರಲ್ಲಿ ಅರ್ಧ ಸರಿ. 6ನೇ ಕಲಂ ಇದೆ. ಆದರೆ ಅಲ್ಲೂ ಕಾರಣ ಬರೆದು ಜೈಲಿಗೆ ಕಳಿಸಬಹುದು. ಇನ್ನು ವಯಸ್ಸು. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ಕೋರ್ಟು ಶಿಕ್ಷೆ ನಿರ್ಧರಿಸುವ ದಿನದ್ದು. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಇವನಿಗೆ ಈಗ 22, ಆ ಬಾಗಿಲು ಮುಚ್ಚಿತು. ಸಮುದಾಯ ಸೇವೆಯೂ ಸಿಗಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಅದು ಇರುವುದು ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆ ಆಗುತ್ತಿದ್ದು, ಮಾಲನ್ನೋ ಬೆಲೆಯನ್ನೋ ವಾಪಸ್ ಕೊಟ್ಟಿದ್ದರೆ ಮಾತ್ರ. ಇವನದು ಹೊಸ ಕೇಬಲ್ ಲೆಕ್ಕದಲ್ಲಿ 9,500. ಹಾಗಾಗಿ ಮೂರು ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಆ ಮೂರು ವರ್ಷದೊಳಗೆ ಎಲ್ಲಿ ನಿಲ್ಲಬೇಕು ಅನ್ನುವಲ್ಲೇ ಮೇಡಂ ಕೇಳಿದ ನಾಲ್ಕು ಪದ ಕೆಲಸಕ್ಕೆ ಬರುತ್ತವೆ.

ಮೊದಲನೆಯದು ಹಿಂದಕ್ಕೆ ನೋಡುತ್ತದೆ. ಏನು ಮಾಡಿದ, ಎಷ್ಟು ತಿಳಿದು ಮಾಡಿದ? ಮನೆಗೆ ನುಗ್ಗಿಲ್ಲ, ಯಾರಿಗೂ ಪೆಟ್ಟಿಲ್ಲ. ಆದರೆ ಇವನು ಮೋಟರ್ ಮೇಸ್ತ್ರಿಯ ಹುಡುಗ. ಕೇಬಲ್ ಹೋದರೆ ನೀರು ನಿಲ್ಲುತ್ತೆ, ಬೇಸಿಗೆಯಲ್ಲಿ ಬೆಳೆ ಹೋಗುತ್ತೆ ಅಂತ ಬೇರೆ ಕಳ್ಳನಿಗಿಂತ ಚೆನ್ನಾಗಿ ಇವನಿಗೆ ಗೊತ್ತು. ತಪ್ಪಿನ ತೂಕ ಅಲ್ಲಿ ಹೆಚ್ಚುತ್ತದೆ. ಆ ತೂಕಕ್ಕೆ ಆರು ತಿಂಗಳು ಅಂತ ಇಟ್ಟುಕೊಳ್ಳಿ. ಮುಖ್ಯ ಮಾತು ಏನಂದರೆ, ಆರು ತಿಂಗಳು ಸಾಕು ಅಂದಮೇಲೆ ಏಳನೆಯದನ್ನೂ ಇದೇ ಲೆಕ್ಕ ಬೇಡ ಅನ್ನುತ್ತದೆ. ಊರಿನ ಬಾಕಿ ಮೂರು ಕೇಬಲ್ ಸಿಟ್ಟನ್ನು ಇವನ ಮೇಲೆ ತೀರಿಸುವ ಹಾಗಿಲ್ಲ. ಸೇಡಿಗೆ ಅಳತೆ ಇಲ್ಲ, ಇದಕ್ಕೆ ಇದೆ. ಅದಕ್ಕೇ ನಾನು ‘ತಕ್ಕ ಶಿಕ್ಷೆ’ ಅನ್ನುತ್ತೇನೆ. ಮೇಷ್ಟ್ರ ಮುಯ್ಯಿಯಲ್ಲಿ ಅಳತೆ ಏನೋ ಇದೆ. ಆದರೆ ಮುಯ್ಯಿ ತೀರಿಸುವವನು ಪೆಟ್ಟು ತಿಂದವನೇ. ಇಲ್ಲಿ ಕೊಡುವುದು ಸರ್ಕಾರ.

ಎರಡನೆಯದು ಇವನನ್ನು ನೋಡುವುದಕ್ಕಿಂತ ಪಕ್ಕದ ಹುಡುಗರನ್ನು ನೋಡುತ್ತದೆ. ಎರಡು ವರ್ಷ ಹಾಕಿದರೆ ಉಳಿದವರಿಗೆ ಬುದ್ಧಿ ಬರುತ್ತೆ ಅನ್ನುವ ವಾದ. ನಾಲ್ಕರಲ್ಲಿ ಒಬ್ಬ ಸಿಕ್ಕಿದ್ದಾನೆ ನೋಡಿ. ಆರು ತಿಂಗಳನ್ನು ಎರಡು ವರ್ಷ ಮಾಡಿದರೂ ಆ ‘ನಾಲ್ಕರಲ್ಲಿ ಒಂದು’ ಬದಲಾಗಲ್ಲ. ಹೊಲದ ಬೆದರುಬೊಂಬೆ ಇದ್ದಹಾಗೆ. ಮೊದಲ ನಾಲ್ಕು ದಿನ ಹಕ್ಕಿ ಬರಲ್ಲ, ಆಮೇಲೆ ಅದರ ತಲೆ ಮೇಲೇ ಕೂರುತ್ತವೆ. ಬೊಂಬೆಗೆ ದೊಡ್ಡ ಮೀಸೆ ಬರೆದರೆ ಏನೂ ಆಗಲ್ಲ, ಯಾರಾದರೂ ಕವಣೆ ಹಿಡಿದು ನಿಲ್ಲಬೇಕು. ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ಇದನ್ನು ಹೇಳಿದ: ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಅದು ತಪ್ಪದೆ ಆಗುತ್ತದೆ ಅನ್ನುವುದೇ ಜನರನ್ನು ತಡೆಯುತ್ತದೆ. ಈ ಊರಲ್ಲಿ ನಿಜವಾದ ತಡೆ ಬೇಕಿದ್ದರೆ ಸುಟ್ಟ ತಾಮ್ರ ಕೇಳದೆ ಕೊಳ್ಳುವ ಗುಜರಿಯವನನ್ನು ಹಿಡಿಯಬೇಕು. ಕಳ್ಳಮಾಲು ಅಂತ ಗೊತ್ತಿದ್ದೂ ಕೊಂಡರೆ ಅವನಿಗೂ ಮೂರು ವರ್ಷದವರೆಗೆ ಇದೆ. ಪದ ಕೇಳಿದರೆ ‘ಅಂಜಿಕೆ’. ‘ಬೆದರಿಕೆ’ ಬೇಡ, ಅದು ತಾನೇ ಒಂದು ಅಪರಾಧ.

ಮೂರನೆಯದಕ್ಕೆ ಇವನು ಕೆಟ್ಟವನಾ ಒಳ್ಳೆಯವನಾ ಅನ್ನುವುದು ಬೇಡ, ಮತ್ತೆ ಕದಿಯುತ್ತಾನಾ ಅನ್ನುವುದಷ್ಟೇ ಬೇಕು. ಒಳಗಿದ್ದಷ್ಟು ದಿನ ಕದಿಯಲಾರ, ಅಷ್ಟೇ ಅದರ ವಾದ. ಆದರೆ ಅದು ಭವಿಷ್ಯ ಹೇಳುವ ಕೆಲಸ. ಹಿಂದೆ ಒಂದೂ ಕೇಸಿಲ್ಲದ ಹುಡುಗನ ಬಗ್ಗೆ ಏನಂತ ಹೇಳುವುದು? ಇದನ್ನು ಕೊನೆವರೆಗೆ ಎಳೆದರೆ ಏನಾಗುತ್ತೆ ಅಂತ ಕ್ಯಾಲಿಫೋರ್ನಿಯಾದಲ್ಲಿ ನೋಡಿ. ಅಲ್ಲಿ ಹಳೇ ಕೇಸುಗಳಿದ್ದ ಯೂಯಿಂಗ್ ಎಂಬವನು ಮೂರು ಗಾಲ್ಫ್ ಕೋಲು ಕದ್ದ. ಒಂದೊಂದರ ಬೆಲೆ 399 ಡಾಲರ್. ಸಿಕ್ಕಿದ್ದು ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಲ್ಲಿ ಅದನ್ನು ಎತ್ತಿಹಿಡಿಯಿತು. ತಕ್ಕ ಶಿಕ್ಷೆಯ ಅಳತೆ ಸಡಿಲ ಬಿಟ್ಟರೆ ಕೋಲು ಕದ್ದವನೂ ಅಲ್ಲಿಗೆ ಹೋಗುತ್ತಾನೆ.

ನಾಲ್ಕನೆಯದು ‘ತಿದ್ದುವುದು’. 6ನೇ ಕಲಂ ತಪ್ಪಿದರೂ ಅದೇ ಕಾಯ್ದೆಯ 4ನೇ ಕಲಂ ಇದೆ, ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಪರಿವೀಕ್ಷಣಾಧಿಕಾರಿ ಮನೆಗೆ, ಮೇಸ್ತ್ರಿ ಹತ್ತಿರ, ಊರಿಗೆ ಹೋಗಿ ವಿಚಾರಿಸಿ ವರದಿ ಕೊಡುತ್ತಾರೆ. ಕೋರ್ಟು ಒಪ್ಪಿದರೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. ಮುಚ್ಚಳಿಕೆ ಮೂರು ವರ್ಷ ಮೀರುವಂತಿಲ್ಲ, ಮೇಲ್ವಿಚಾರಣೆ ಹಾಕಿದರೆ ಕನಿಷ್ಠ ಒಂದು ವರ್ಷ. ಇದು ಕೆಡುವುದು ವರದಿಯಲ್ಲೇ. ‘ಬಡ ಕುಟುಂಬ, ನಡತೆ ಉತ್ತಮ’ ಅಂತ ಎಲ್ಲರಿಗೂ ಒಂದೇ ಸಾಲು ಇದ್ದರೆ ಯಾರೂ ಹೋಗಿ ವಿಚಾರಿಸಿಲ್ಲ ಅಂತ ಗೊತ್ತಾಗುತ್ತದೆ. ಮೇಸ್ತ್ರಿ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಾನಾ, ಕೇಬಲ್ ಇರುವ ಹೊಲಕ್ಕೆ ಒಬ್ಬನನ್ನೇ ಕಳಿಸುತ್ತಾನಾ, ಇದನ್ನು ಬರೆದಿದ್ದರೆ ಅದು ವರದಿ.

ಚನ್ನಗಿರಿಯ ಅಣ್ಣನವರೇ, ನಿಮ್ಮ 9,500 ನಾಲ್ಕು ಪದದಲ್ಲಿ ಇಲ್ಲ ಅಂದಿರಿ, ನಿಜ. ಆದರೆ ಹೀಗೆ ಬಿಡುವಾಗ 5ನೇ ಕಲಮಿನಲ್ಲಿ ನಷ್ಟ ಕಟ್ಟು ಅಂತ ಹೇಳಬಹುದು. ಜೈಲಿಗೆ ಹೋದವನಿಂದ ದುಡ್ಡು ಬರುವುದು ಕಷ್ಟ, ದುಡಿಯುವವನಿಂದ ಬಂದೀತು. ನನ್ನ ಕೇಸಾಗಿದ್ದರೆ ಎರಡು ವರ್ಷದ ಮುಚ್ಚಳಿಕೆ, ಮೇಲ್ವಿಚಾರಣೆ, ಪೂರ್ತಿ 9,500 ಕೇಳುತ್ತಿದ್ದೆ. ಜೈಲೇ ಆದರೆ ಆಗಲೇ ಕಳೆದ 40 ದಿನ ಅದರಲ್ಲಿ ವಜಾ ಆಗುತ್ತದೆ.

ಚನ್ನಗಿರಿಯಿಂದ

ವಕೀಲರೇ, ಬಾಡಿದ ಈರುಳ್ಳಿದು? ಅದಕ್ಕೆ ಬಿಲ್ ಇಲ್ಲ ಅಂತ ಬಿಟ್ಟುಬಿಡ್ತೀರಾ? ಮತ್ತೆ, ಸುಮ್ನೆ ಬರೆಸಿಕೊಂಡು ಬಿಟ್ಟರು ಅಂತ ಊರಲ್ಲಿ ಮಾತಾಡಿಕೊಂಡರೆ ನಿಮ್ಮ ಅಂಜಿಕೆ ಎಲ್ಲಿ ಉಳಿಯಿತು?

ಚಿತ್ರದುರ್ಗದಿಂದ

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ತಿದ್ದುವುದೂ ಅಂಜಿಸುವುದೂ ಒಂದೇ ಆದೇಶದಲ್ಲಿ ಎಳೆದಾಡುತ್ತವೆ. ಈರುಳ್ಳಿಗೆ ಪಂಚರ ಮುಂದೆ ಮಹಜರು ಮಾಡಿಸಿ ಫೋಟೋ ಇಟ್ಟಿದ್ದರೆ ಕೇಳಬಹುದು.

ಹರಿಹರದಿಂದ

ಮುಯ್ಯಿ ವಾಪಸ್ ತಗೊಂಡೆ. ಮೂರನೆಯದಕ್ಕೆ ‘ಗಡಿಪಾರು’ ಯಾಕಾಗಬಾರದು? ಜನಕ್ಕೆ ಗೊತ್ತಿರುವ ಪದ.

ಚಿತ್ರದುರ್ಗದಿಂದ

ಉದ್ದೇಶ ಅದೇ ಮೇಷ್ಟ್ರೇ, ಆದರೆ ಗಡಿಪಾರು ಕೋರ್ಟಿನ ಶಿಕ್ಷೆ ಅಲ್ಲ, ಆಡಳಿತದ ಆದೇಶ. ಪರೀಕ್ಷೆಯಲ್ಲಿ ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ.

ದಾವಣಗೆರೆಯಿಂದ, ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ತಕ್ಕ ಶಿಕ್ಷೆ, ಅಂಜಿಕೆ, ತಿದ್ದುವಿಕೆ ಅಂತ ಮೂರು ಬರೆದುಕೊಂಡೆ. ಮೂರನೆಯ ಜಾಗದಲ್ಲಿ ಈಗ ‘ಕೈಕಟ್ಟಿ ಇಡುವುದು’ ಅಂತ ಪೆನ್ಸಿಲ್‌ನಲ್ಲಿದೆ. ‘ದೂರ ಇಡುವುದು’ ಅಂತಲೂ ಪಕ್ಕದಲ್ಲಿ ಬರೆದಿದ್ದೇನೆ. ಡ್ರೈವಿಂಗ್ ಲೈಸೆನ್ಸ್ ರದ್ದು ಮಾಡುವುದೂ ಇದೇ ಗುಂಪಿಗೆ ಸೇರುತ್ತೆ ಅಂತ ನೋಟ್ಸಿನಲ್ಲಿದೆ. ಅಲ್ಲಿ ಯಾರನ್ನೂ ದೂರ ಇಟ್ಟಿಲ್ಲವಲ್ಲ? ಸೋಮವಾರ ಪ್ರೆಸ್ಸಿಗೆ ಹೋಗಬೇಕು, ಯಾರಿಗಾದರೂ ಹೊಳೆದರೆ ಅಷ್ಟರೊಳಗೆ ಹೇಳಿ.