ನಾಗರಾಜನ ಸ್ಟಾಪು

ಭಾನುವಾರ ರಾತ್ರಿ ಊಟ ಮುಗಿಸಿ ನಮ್ಮ ಟ್ರೇಡಿಂಗ್ ಗುಂಪಿಗೆ ಒಂದು ಚಾರ್ಟ್ ಹಾಕಿದೆ. ಷೇರಿನ ಹೆಸರು ಇಲ್ಲಿ ಬೇಡ, ನಾನೇನು ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ ಅಲ್ಲ. ಮೆಸೇಜ್ ಇಷ್ಟೇ:

"480ರ ಹತ್ತಿರ ಮೂರು ಸಲ ಹೋಗಿ ವಾಪಸ್ ಬಂದಿದೆ. ದಿನದ ಕ್ಲೋಸಿಂಗ್ 480ರ ಮೇಲಾದರೆ ಮಾತ್ರ ಎಂಟ್ರಿ, 486ರ ಆಸುಪಾಸು. ಸ್ಟಾಪ್ 468. ಟಾರ್ಗೆಟ್ 522."

ಮೊದಲ ಉತ್ತರ ಸುರೇಶನದು. "468 ಯಾಕೆ? ನಿಮ್ಮ ಮನೆ ನಂಬರಾ?"

ಅಲ್ಲ ಮಾರಾಯ. ಸ್ಟಾಪ್ ಅಂದ್ರೆ ಬೆಲೆ ಇಲ್ಲಿಗೆ ಇಳಿದರೆ ಮಾರಿ ಹೊರಬರೋದು ಅಂತ ಮೊದಲೇ ಹಾಕಿಕೊಂಡ ಗೆರೆ. ಕಳೆದ ಸಲ ಬಿದ್ದಾಗ 470ರಲ್ಲಿ ನಿಂತು ಮೇಲೆದ್ದಿತ್ತು, ಅದೂ ಮುರಿದರೆ ಅಲ್ಲಿ ಕೊಳ್ಳುವವರು ಯಾರೂ ಉಳಿದಿಲ್ಲ ಅಂತ ಅರ್ಥ, ಅದಕ್ಕೇ ಅದರ ಎರಡು ರೂಪಾಯಿ ಕೆಳಗೆ. ನಮ್ಮ ಜೇಬು ಎಷ್ಟು ತಡೆಯುತ್ತೆ ಅಂತ ಸ್ಟಾಪ್ ಇಡೋದಲ್ಲ. ಜೇಬಿನ ಲೆಕ್ಕ ಬರೋದು ಎಷ್ಟು ಷೇರು ಅನ್ನೋದರಲ್ಲಿ.

"ಹಾಗಾದ್ರೆ ಇನ್ನೂರು ತಗೊಂಡುಬಿಡ್ಲಾ?" ಅಂದ ನಾಗರಾಜ. ಅವನ ಹತ್ತಿರ ಇರೋದೇ ಒಂದು ಲಕ್ಷ. ಶೇಕಡ 1ರಷ್ಟು, ಅಂದ್ರೆ 1,000 ರೂಪಾಯಿ ಹೋದರೆ ಹೋಗಲಿ ಅಂತಿಟ್ಟುಕೊಳ್ಳೋಣ. 486ರಿಂದ 468ಕ್ಕೆ 18 ರೂಪಾಯಿ. 1,000ವನ್ನು 18ರಿಂದ ಭಾಗಿಸಿದರೆ 55 ಷೇರು. ಸರಿಯಾದರೆ ಷೇರಿಗೆ 36 ರೂಪಾಯಿ ಲಾಭ, ಅಂದ್ರೆ ಕಳೆದುಕೊಳ್ಳೋದರ ಎರಡರಷ್ಟು. "ಬರೀ 55ಆ?" ಅಂತ ಮುಖ ಬಾಡಿದ ಇಮೋಜಿ ಹಾಕಿದ.

ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಬೆಲೆ 488. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದ ನಾಗರಾಜ ಅಲ್ಲಿಂದಲೇ 55 ಷೇರು ಕೊಂಡು, ಗುಂಪಿನಲ್ಲಿ ರಾಕೆಟ್ ಹಾರಿಸಿದ. ಕ್ಲೋಸಿಂಗ್ ಅಂತ ಬರೆದಿದ್ದೆನಲ್ಲ ಅಂದೆ. "ಸಿಗ್ನಲ್ ಬಿಟ್ಟುಬಿಡ್ತು, ಆಮೇಲೆ ಮಾತಾಡೋಣ." ಸಾಯಂಕಾಲ 3:30ಕ್ಕೆ ಬೆಲೆ 474. 3:20ಕ್ಕೆ ನೋಡಿದವರು ಯಾರೂ ಕೊಳ್ಳಲಿಲ್ಲ. ಗೆರೆಯ ಮೇಲೆ ತಲೆ ಹಾಕಿ ಇಣುಕೋದು ಬೇರೆ, ಗೆರೆ ದಾಟಿ ಅಲ್ಲೇ ದಿನ ಮುಗಿಸೋದು ಬೇರೆ ಅಲ್ವಾ?

ಅವನು ಮಾತ್ರ ನಿರಾಳ. ಜಿಟಿಟಿ ಆರ್ಡರ್ ಹಾಕಿದ್ದ: 468 ಮುಟ್ಟಿದರೆ 467ಕ್ಕೆ ಮಾರು. ಬುಧವಾರ ಮಾರ್ಕೆಟ್ ತೆಗೆದದ್ದೇ 459ರಲ್ಲಿ. ಆರ್ಡರ್ ಎಚ್ಚರವಾಯ್ತು ನಿಜ, ಆದರೆ 467 ಕೊಡುವವರು ಯಾರೂ ಇಲ್ಲ. ಸುಮ್ನೆ ಕೂತಿತ್ತು. ಕೊನೆಗೆ 459ಕ್ಕೇ ಕೈಯಾರೆ ಮಾರಿದ, 1,595 ರೂಪಾಯಿ ಹೋಯ್ತು.

"ಸ್ಟಾಪ್ ಇಟ್ಟಿದ್ದೆ ಕಣ್ರೋ!" ಅಂತ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ಗೋಳಾಡಿದ.

ಸುರೇಶ ಊದಿಕೊಂಡು ಒಂದು ಗುಟುಕು ಕುಡಿದ. "ಇಟ್ಟಿದ್ದೆ ಸರಿ. ಸ್ಟಾಪಲ್ಲಿ ನಿಲ್ಲದೆ ಮುಂದೆ ಹೋಗಿ ನಿಂತ ಬಸ್ಸು ನೀನು ನೋಡೇ ಇಲ್ವಾ, ಇಷ್ಟು ವರ್ಷ ಬೆಂಗಳೂರಲ್ಲಿದ್ದು?"