ಹಾಸಿಗೆ ಒದ್ದೆ ಮಾಡಿದ ಕಥೆ ಇನ್ನೂ ಎಷ್ಟು ವರ್ಷ?

"ತಮ್ಮ ಒಂಬತ್ತು ವರ್ಷದವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದ. ಅಕ್ಕ ಅದನ್ನೇ ಹೇಳಿ ನಗಿಸುತ್ತಾಳೆ, ನಾನೂ ನಗುತ್ತಿದ್ದೆ. ಮೊನ್ನೆ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ಹೇಳಿಬಿಟ್ಟಳು. ತಮ್ಮ ಎಲೆ ಬಿಟ್ಟು ಎದ್ದ. ಕಾಡಿಸೋದು ಪೂರ್ತಿ ನಿಂತರೆ ಮನೆ ಬಿಕೋ ಅನ್ನುತ್ತೆ. ನಿಮ್ಮಲ್ಲಿ ಹೇಗೆ ನಿಭಾಯಿಸಿದಿರಿ?"

ಮೈಕ್, ಕೊಪ್ಪಳ:
ನನ್ನದು ಕೇಳಿ. ಐದು ವರ್ಷದವನಿದ್ದಾಗ ಗವಿಮಠದ ಜಾತ್ರೆಯಲ್ಲಿ ಕಳೆದುಹೋಗಿದ್ದೆ. ಮೈಕಿನವರು ಅಪ್ಪನ ಹೆಸರೇನು ಅಂದರೆ 'ಅಪ್ಪ' ಅಂದೆ. ಅವ್ವನ ಹೆಸರು? 'ಕೇಳ್ತೇನ' ಅಂದೆ. ಅಪ್ಪ ಅವ್ವನನ್ನು ಕರೆಯುತ್ತಿದ್ದುದೇ ಹಾಗೆ! ಜಾತ್ರೆಗೆಲ್ಲಾ ಕೇಳುವಂತೆ ಅದನ್ನೇ ಕೂಗಿದರು. ಅವತ್ತಿನಿಂದ ಅಣ್ಣನಿಗೆ ನಾನು 'ಮೈಕ್'. ಮನೆಯಲ್ಲಿ ಕರೆದರೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಒಂದು ದಿನ ನನ್ನ ಅಂಗಡಿಗೆ ಬಂದು, ಕೆಲಸದ ಹುಡುಗರ ಮುಂದೆ ಪೂರ್ತಿ ಕಥೆ ಹೇಳಿ ಹೋದ. ಮರುದಿನ ಸಾಮಾನು ಇಳಿಸೋ ಹುಡುಗನೂ ಮೈಕ್ ಅಂದ.

ಸಿಟ್ಟಿಗೆ ಗೃಹಪ್ರವೇಶಕ್ಕೆ ಅಣ್ಣನನ್ನು ಕರೆಯಲಿಲ್ಲ. 300 ಎಲೆಗೆ ಅಡುಗೆ ಹೇಳಿದ್ದೆ. ಅಣ್ಣ ಇಲ್ಲ ಅಂದಮೇಲೆ ಅತ್ತಿಗೆ ಕಡೆಯವರಿಲ್ಲ, ಅವರಿಲ್ಲ ಅಂದಮೇಲೆ ದೊಡ್ಡಪ್ಪನವರೂ ಇಲ್ಲ. 80 ಎಲೆ ಉಳಿದವು. ಹೋಳಿಗೆಯನ್ನು ಓಣಿಗೆಲ್ಲಾ ಹಂಚಿದೆವು, ಸಾರು ಹಳಸಿತು, ಅಡುಗೆಯವರು ಒಂದು ರೂಪಾಯಿ ಬಿಡಲಿಲ್ಲ. ಎರಡು ವರ್ಷದ ಮೇಲೆ ಕಾರಣ ಹೇಳಿದರೆ ಅಣ್ಣ, "ಮತ್ತೆ ಅವತ್ತು ನೀನೂ ನಗ್ತಿದ್ದೆಲ್ಲೋ" ಅಂದ. ಹೌದು, ನಗುತ್ತಿದ್ದೆ. ಹುಡುಗರ ಮುಂದೆ ಅಳೋಕಾಗುತ್ತಾ? ಈಗ ಆ ಕಥೆ ಹೇಳೋದು ನಾನೇ. ಅಣ್ಣನಿಗಿಂತ ಚೆನ್ನಾಗಿ ಹೇಳ್ತೀನಿ.

ದೊಡ್ಡಮ್ಮ, ಬಳ್ಳಾರಿ:
ರಾತ್ರಿ ಏಳರ ಮೇಲೆ ನೀರು ಕಡಿಮೆ ಕೊಡಿ. ಮಲಗೋ ಮುಂಚೆ ಒಮ್ಮೆ ಬಚ್ಚಲಿಗೆ ಕಳಿಸಿ. ನನ್ನ ಮೊಮ್ಮಗನಿಗೆ ಹೀಗೇ ಮಾಡಿದ್ವಿ.

ಮೈಕ್, ಕೊಪ್ಪಳ:
ದೊಡ್ಡಮ್ಮ, ಆ ಹುಡುಗನಿಗೆ ಮದುವೆ ಗೊತ್ತಾಗಿದೆ.

ಕಾರಟಗಿ ಅಕ್ಕ:
ಎಲ್ಲರೂ ಆ ಅಕ್ಕನನ್ನೇ ಬೈಯಿರಿ. ನನ್ನ ತಮ್ಮನೂ ಹೀಗೇ ಇದ್ದ. ಕೌದಿ ಒಗೆದವರು ಯಾರು? ಹಳೇ ಸೀರೆ ನಾಲ್ಕೈದು ಪದರ ಹಾಕಿ ಹೊಲಿದ ಕೌದಿ, ನೆನೆದರೆ ಇಬ್ಬರು ಹಿಡಿದು ಹಿಂಡಬೇಕು. ನಾನು ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ತಿರುವಿ ತಿರುವಿ ಒಬ್ಬಳೇ ಹಿಂಡುತ್ತಿದ್ದೆ. ಆಮೇಲೆ ಶಾಲೆ. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದು, ಶಾಲೆ ಲಂಗಕ್ಕೂ ಅದೇ ವಾಸನೆ. ಹುಡುಗಿಯರು ನನ್ನ ಪಕ್ಕ ಕೂರುತ್ತಿರಲಿಲ್ಲ, ಅದನ್ನು ಯಾರೂ ಕಥೆ ಮಾಡಿ ಹೇಳಲ್ಲ. ಈಗ ನಾನು ನಾಲ್ಕು ಮಾತು ಆಡಿಸಿದರೆ ಚುಚ್ಚಿದಂತೆ ಆಗುತ್ತಾ? ಕಾಡಿಸೋದು ಪ್ರೀತಿ ಇದ್ದಲ್ಲೇ.

ಮೇಷ್ಟ್ರು, ಸಿಂಧನೂರು:
ಅಕ್ಕಾರ ಮಾತಲ್ಲಿ ಅರ್ಧ ನಿಜ ಇದೆ. ಆದರೆ ಹಾಸಿಗೆ ಒದ್ದೆಯಾಗೋದು ಮಗುವಿನ ಸೋಮಾರಿತನ ಅಲ್ಲ. ಮೂತ್ರಕೋಶ ತುಂಬಿದರೂ ಆ ಮಕ್ಕಳಿಗೆ ಎಚ್ಚರವಾಗಲ್ಲ. ಅಪ್ಪನಿಗೋ ಅವ್ವನಿಗೋ ಚಿಕ್ಕಂದಿನಲ್ಲಿ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ಜಾತ್ರೆಯಲ್ಲಿ ಪೆದ್ದು ಮಾತಾಡಿದ್ದು ಬೇರೆ, ಇದು ಬೇರೆ. ತನ್ನ ಕೈಲಿಲ್ಲದ್ದಕ್ಕೆ ನಗಿಸಿಕೊಂಡವನಿಗೆ ಅದು ದೊಡ್ಡವನಾದ ಮೇಲೂ ಕುಟುಕುತ್ತೆ.

ನಾನು ನೋಡೋದು ಒಂದೇ. ಕಾಡಿಸಿಕೊಂಡವನು ಕಥೆಗೆ ತನ್ನದೊಂದು ಮಾತು ಸೇರಿಸಿದರೆ ತೊಂದರೆ ಇಲ್ಲ. ಬಾಯಿ ಮುಚ್ಚಿ ನಕ್ಕು, ನೀರಿನ ಲೋಟಕ್ಕೆ ಕೈ ಹಾಕಿದರೆ ಅಲ್ಲಿಗೇ ನಿಲ್ಲಿಸಬೇಕು. ನನ್ನ ತಂಗಿಯ ವಿಷಯದಲ್ಲಿ ನಾನು ಆ ಲೋಟ ನೋಡದೆ ಹೋದೆ. ಈಗಲೂ ರಾಖಿಯನ್ನು ಅಂಚೆಯಲ್ಲೇ ಕಳಿಸುತ್ತಾಳೆ.

ಕಾರಟಗಿ ಅಕ್ಕ:
ಅಂದ್ರೆ ನಾನು ಲೋಟ ನೋಡ್ಕೊಂಡು ಮಾತಾಡಬೇಕಾ? ನಿಮ್ಮ ತಂಗಿಯ ಸಿಟ್ಟನ್ನು ನನ್ನ ಮೇಲೆ ಹಾಕಬೇಡಿ ಮೇಷ್ಟ್ರೇ.

ಮೇಷ್ಟ್ರು, ಸಿಂಧನೂರು:
ಹಾಕಿಲ್ಲಮ್ಮ. ನಿಮ್ಮ ಕಥೆಯಲ್ಲಿ ತಮ್ಮ ಒಬ್ಬನೇ ಇದ್ದಾನೆ, ಕಿಟಕಿಗೆ ಕೌದಿ ಕಟ್ಟಿದ ಹುಡುಗಿ ಇಲ್ಲ. ಅವಳನ್ನೂ ಸೇರಿಸಿ ಹೇಳಿ ನೋಡಿ. ಅದೂ ಬೀಗರ ಮುಂದೆ ಅಲ್ಲ, ಅವನೊಬ್ಬನ ಹತ್ತಿರ.

ಮೈಕ್, ಕೊಪ್ಪಳ:
ಬೀಗರಿಗೆ ಗೊತ್ತಾದರೆ ಏನಂತೆ? ಮದುವೆಯಾದ ಮೇಲೆ ಹೇಗೂ ಗೊತ್ತಾಗುತ್ತೆ.

ಮೇಷ್ಟ್ರು, ಸಿಂಧನೂರು:
ಸಾಮಾನು ಇಳಿಸೋ ಹುಡುಗನಿಗೆ ಗೊತ್ತಾಗಿದ್ದಕ್ಕೆ ನೀವು 80 ಎಲೆ ಕಳ್ಕೊಂಡ್ರಲ್ಲ ಸ್ವಾಮಿ!

ಮೈಕ್, ಕೊಪ್ಪಳ:
ಎಲೆ ಲೆಕ್ಕ ತೆಗೀಬೇಡಿ. ಅದು ಬೇರೆ ವಿಷಯ.

ದೊಡ್ಡಮ್ಮ, ಬಳ್ಳಾರಿ:
ಮದುವೆ ಗೊತ್ತಾಗಿದ್ದರೆ ಬೇಗ ಡಾಕ್ಟರಿಗೆ ತೋರಿಸಿ.

ಕಾರಟಗಿ ಅಕ್ಕ:
ರಾತ್ರಿ ತಮ್ಮನಿಗೆ ಫೋನ್ ಮಾಡಿದ್ದೆ. ಕೌದಿ ಹಿಂಡೋಕೆ ನಾನು ಎಷ್ಟು ಒದ್ದಾಡ್ತಿದ್ದೆ, ನೆನಪಿದೆಯಾ ಅಂದೆ. ಇಲ್ಲ ಅಂದ. ಸ್ವಲ್ಪ ಹೊತ್ತು ಸುಮ್ನಿದ್ದು, "ಕಿಟಕಿಯ ಒಂದು ಸರಳು ಇನ್ನೂ ಬಾಗಿದೆ, ಬಂದಾಗ ನೋಡು" ಅಂದ. ಸುಳ್ಳುಗಾರ.