ಅಪ್‌ಡೇಟ್: ಬಿಲ್‌ನಲ್ಲಿ ಇನ್‌ವಾಯ್ಸ್ ನಂಬರ್ ಯಾವುದು?

ಕೇಳಿದ್ದು: "ಪೀಣ್ಯದ ಸಪ್ಲೈಯರ್ ಬಿಲ್‌ನ ಮೇಲ್ಭಾಗದಲ್ಲಿ ನಾಲ್ಕು ನಂಬರ್ ಇವೆ. ಪರ್ಚೇಸ್ ಎಂಟ್ರಿಗೆ ಯಾವುದನ್ನ ಹಾಕಲಿ?"

ಅಪ್‌ಡೇಟ್: PE/0412/25-26 ಹಾಕಬೇಕು. ಈ ಟ್ಯಾಲಿ ಬಿಲ್‌ನಲ್ಲಿ ಪ್ರತಿ ಚೌಕದಲ್ಲೂ ಹೆಸರು ಮೇಲೆ, ನಂಬರ್ ಅದರ ಕೆಳಗೆ. ಜೆರಾಕ್ಸ್‌ನಲ್ಲಿ ಗೆರೆ ಮಾಸಿದರೆ ಇನ್‌ವಾಯ್ಸ್ ನಂಬರ್ ಕೆಳಗಿನ 'ಡೆಲಿವರಿ ನೋಟ್' ಹೆಸರಿಗೆ ಅಂಟಿಕೊಂಡಂತೆ ಕಾಣುತ್ತೆ. ಹಾಗಾಗಿ ಮೂಲ ಪ್ರತಿಯನ್ನೇ ನೋಡಿ.

PO-233 ನಾವೇ ಕೊಟ್ಟ ಆರ್ಡರ್‌ದು, ನಮ್ಮ ಫೈಲಲ್ಲೇ ಸಿಕ್ತು. 'ರೆಫರೆನ್ಸ್' ಚೌಕದಲ್ಲಿದ್ದದ್ದು ಸಪ್ಲೈಯರ್ ಕೊಟ್ಟ ಕೊಟೇಶನ್ ನಂಬರ್. DC-1187 ಮಾಲಿನ ಜೊತೆ ಬಂದ ಚಲನ್‌ದು. ಎರಡು-ಮೂರು ಚಲನ್ ಸೇರಿಸಿ ಒಂದೇ ಬಿಲ್ ಮಾಡೋದೂ ಉಂಟು, ಆದ್ದರಿಂದ ಅದನ್ನ ಬಿಲ್ ನಂಬರ್ ಅಂತ ಹಾಕಲೇಬಾರದು.

ಕೊನೆಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಖರೀದಿ ಬಿಲ್‌ಗಳನ್ನ ತೋರಿಸೋ ಜಿಎಸ್‌ಟಿಆರ್-2ಬಿಯಲ್ಲಿ ಸಪ್ಲೈಯರ್ ಜಿಎಸ್‌ಟಿಐಎನ್ ಹುಡುಕಿ, ತಾರೀಖು, ಮೊತ್ತ ತಾಳೆ ನೋಡಿದೆ. ಅಲ್ಲಿರೋದೂ PE/0412/25-26.